ತಂಗಿ ಮದುವೆಗೆ 22 ಡಚ್ ಅತಿಥಿಗಳು: ಶಾಸ್ತ್ರ ನಿಲ್ಲಿಸದೆ ಅರ್ಥ ಹೇಳುವುದು ಹೇಗೆ?

ಕೊಪ್ಪದ ಹುಡುಗ
ನಮಸ್ಕಾರ ಎಲ್ಲರಿಗೂ. ಚಿಕ್ಕಮ್ಮನ ಮಗಳ ಮದುವೆ ಮುಂದಿನ ತಿಂಗಳು, ಚಿಕ್ಕಮಗಳೂರು ಹತ್ತಿರದ ಒಂದು ರೆಸಾರ್ಟ್‌ನಲ್ಲಿ. ಹುಡುಗ ಐಂಡ್‌ಹೋವನ್‌ನಲ್ಲಿ ಕೆಲಸ ಮಾಡುತ್ತಾನೆ. ಅವನ ಆಫೀಸಿನವರು, ಮನೆ ಮಾಲೀಕರು, ಅವರ ಮಕ್ಕಳು ಅಂತ 22 ಜನ ಬರುತ್ತಿದ್ದಾರೆ. ಅವರಿಗೆಲ್ಲ ಅರ್ಥ ಹೇಳುವ ಕೆಲಸ ನನ್ನ ತಲೆಗೆ ಕಟ್ಟಿದ್ದಾರೆ, ಇಂಗ್ಲಿಷ್ ಚೆನ್ನಾಗಿ ಬರುತ್ತೆ ಅನ್ನೋ ಒಂದೇ ಕಾರಣಕ್ಕೆ.

ಸ್ಮಾರ್ತರ ಮದುವೆ. ಮುಹೂರ್ತ 10:40ರಿಂದ 11:15ರ ಒಳಗೆ. ನಮ್ಮ ಮನೆ ಪುರೋಹಿತರಿಗೆ ವಿಷಯ ಹೇಳಿದ್ದಕ್ಕೆ, "ನೀನು ಮೈಕ್ ಹಿಡಿದುಕೊಂಡು ನಡುವೆ ನನ್ನನ್ನು ನಿಲ್ಲಿಸಿದರೆ ಮೈಕ್ ಕಿತ್ತು ಹೋಮಕ್ಕೆ ಹಾಕುತ್ತೇನೆ" ಅಂದರು. ಅರ್ಧ ತಮಾಷೆ, ಅರ್ಧ ನಿಜ. ಏನು ಹೇಳಬೇಕು, ಯಾವಾಗ ಹೇಳಬೇಕು? ಅನುಭವ ಇರುವವರು ತಿಳಿಸಿ.

ಲೇಔಟ್ ಮಾವ
ಮೊದಲು ರಿಜಿಸ್ಟ್ರೇಷನ್ ನೋಡಿಕೊಳ್ಳಿ ತಮ್ಮಾ. ಫಾರಿನ್ ಹುಡುಗ, ಹಿಂದೂ ಅಲ್ಲ ಅಂದರೆ ಹಿಂದೂ ವಿವಾಹ ಕಾಯ್ದೆ ಬರುವುದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆ ಪ್ರಕಾರ 30 ದಿನ ಮುಂಚೆ ನೋಟಿಸ್ ಕೊಡಬೇಕು. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸ ಇರಬೇಕು. ಮುಂದಿನ ತಿಂಗಳು ಮದುವೆ ಅಂತೀರಿ, ಟೈಮ್ ಎಲ್ಲಿದೆ?

ಕೊಪ್ಪದ ಹುಡುಗ
ಅಂಕಲ್, ಹುಡುಗ ನಮ್ಮವನೇ, ಬಸವನಗುಡಿ. ಅತಿಥಿಗಳು ಮಾತ್ರ ಡಚ್ಚರು.

ಲೇಔಟ್ ಮಾವ
ಓ, ಸರಿ ಸರಿ. ಹಾಗಾದರೆ ಪರವಾಗಿಲ್ಲ.

ಸೌಂಡ್ ಸರ್ವಿಸ್ ಶಿವು
ಇದಕ್ಕೆ ಸುಲಭ ದಾರಿ ಇದೆ. ಮಂಟಪದ ಪಕ್ಕ ಒಂದು ಎಲ್‌ಇಡಿ ಪರದೆ ಹಾಕಿಸಿ. ಶಾಸ್ತ್ರದ ಹೆಸರು, ಕೆಳಗೆ ಎರಡು ಸಾಲು ಅರ್ಥ. ಒಬ್ಬ ಹುಡುಗ ಲ್ಯಾಪ್‌ಟಾಪ್ ಮುಂದೆ ಕೂತು ಸ್ಲೈಡ್ ಬದಲಾಯಿಸುತ್ತಾ ಹೋದರೆ ಆಯಿತು. ಯಾರೂ ಮಾತಾಡುವ ಹಾಗೇ ಇಲ್ಲ, ಪುರೋಹಿತರಿಗೂ ತೊಂದರೆ ಇಲ್ಲ. ನಾನು ಈಗ ಮಾಡುವ ಮದುವೆಗಳಲ್ಲಿ ಇದನ್ನು ಕೇಳುವವರು ಜಾಸ್ತಿ ಆಗಿದ್ದಾರೆ.

ಹಂಪಿ ಗೈಡ್
ನಾನು ಗೈಡ್. ಜರ್ಮನ್, ಫ್ರೆಂಚ್ ಗುಂಪುಗಳ ಜೊತೆ ಕೆಲಸ. ಹೊಸಪೇಟೆ, ಗೋಕರ್ಣದ ಕಡೆ ಮದುವೆಗಳಿಗೂ ಕರೆಯುತ್ತಾರೆ. ಶಿವು ಅವರ ಪರದೆ ಒಂದು ಮಟ್ಟಕ್ಕೆ ಸರಿ. ಆದರೆ ಜನ ಪರದೆ ಓದುತ್ತಾ ಮಂಟಪ ನೋಡುವುದನ್ನು ಬಿಡುತ್ತಾರೆ. ಅಂತರಪಟ ಇಳಿಯುವ ಹೊತ್ತಿಗೆ ಎಲ್ಲರ ಮುಖ ಪಕ್ಕಕ್ಕೆ ತಿರುಗಿರುತ್ತೆ. ಇನ್ನೊಂದು, ಪುರೋಹಿತರು ಕ್ರಮ ಸ್ವಲ್ಪ ಬದಲಿಸಿದರೆ ಸ್ಲೈಡ್ ಹುಡುಗ ಕಂಗಾಲು.

ಟೂರ್ ಗೈಡ್ ಸೆಟ್ ಬಾಡಿಗೆಗೆ ತನ್ನಿ. ನಿಮ್ಮ ಹತ್ತಿರ ಒಂದು ಸಣ್ಣ ಟ್ರಾನ್ಸ್‌ಮಿಟರ್, ಬಾಯಿಯ ಹತ್ತಿರ ಬರುವ ಹೆಡ್‌ಸೆಟ್ ಮೈಕ್. ಅವರಿಗೆ ಒಂದೊಂದು ರಿಸೀವರ್, ಒಂದೇ ಕಿವಿಗೆ. ಇನ್ನೊಂದು ಕಿವಿಯಲ್ಲಿ ಅವರಿಗೆ ಮಂತ್ರ, ಓಲಗ ಕೇಳಬೇಕು. ಮೂರು ನಾಲ್ಕು ಜನ ಇದ್ದರೆ ಪಕ್ಕದಲ್ಲಿ ಕೂತು ಪಿಸುಗುಟ್ಟಬಹುದು. 22 ಜನಕ್ಕೆ ಪಿಸುಗುಟ್ಟಿದರೆ ಹಿಂದಿನ ಸಾಲಿನ ಅಜ್ಜಿಯರು ನಿಮ್ಮನ್ನು ಬೈಯುವುದು ಖಂಡಿತ.

ಇದೆಲ್ಲ ಸಾಮಾನಿನ ಮಾತು. ಅಸಲು ವಿಷಯ ಬೇರೆ. ಈಗ ಆಗುತ್ತಿರುವುದನ್ನು ಹೇಳಬೇಡಿ, ಮುಂದೆ ಆಗುವುದನ್ನು ಹೇಳಿ. ಧಾರೆ ಎರೆಯುವಾಗ "ಅಮ್ಮ ನೀರು ಬಿಡುತ್ತಿದ್ದಾರೆ" ಅನ್ನುವುದರಲ್ಲಿ ಏನಿದೆ? ಅದು ಕಣ್ಣಿಗೇ ಕಾಣುತ್ತೆ. ಒಂದು ನಿಮಿಷ ಮುಂಚೆ, ಪಾತ್ರೆ, ತೆಂಗಿನಕಾಯಿ ಜೋಡಿಸುತ್ತಿರುವಾಗಲೇ ಹೇಳಿ: "ಈಗ ನಾಲ್ಕು ಜನರ ಕೈ ಒಂದರ ಮೇಲೊಂದು ಬರುತ್ತೆ. ಅಮ್ಮ ನೀರು ಬಿಡುತ್ತಾರೆ, ಅಪ್ಪನ ಮುಖ ನೋಡಿ." ಆಮೇಲೆ ಬಾಯಿ ಮುಚ್ಚಿ. ಹೇಳಿ ಮುಗಿಸಿದ ಮೇಲೆ ನಡೆಯುವುದನ್ನು ಅವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ. ಶಾಸ್ತ್ರ ನಿಮಗಾಗಿ ಕಾಯುವ ಪ್ರಶ್ನೆಯೇ ಬರುವುದಿಲ್ಲ, ಯಾಕೆಂದರೆ ನೀವೇ ಮುಂದೆ ಇರುತ್ತೀರಿ.

ಕೊಪ್ಪದ ಹುಡುಗ
ಇದು ಚೆನ್ನಾಗಿದೆ ಸಾರ್. ಆದರೆ ಮುಂದೆ ಏನು ಬರುತ್ತೆ ಅಂತ ನನಗೇ ಗೊತ್ತಿಲ್ಲವಲ್ಲ! ನೆಟ್‌ನಲ್ಲಿ ಸಿಕ್ಕ ಒಂದು ಇಂಗ್ಲಿಷ್ ಪಟ್ಟಿ ಇಳಿಸಿಕೊಂಡಿದ್ದೇನೆ. ಅದನ್ನೇ ಪ್ರಿಂಟ್ ಹಾಕಿಸಿ ಕುರ್ಚಿ ಮೇಲೆ ಇಡೋಣ ಅಂತಿದ್ದೆ.

ಮೈಸೂರು ಶಾಸ್ತ್ರಿ
ಆ ಪಟ್ಟಿ ಪ್ರಿಂಟ್ ಹಾಕಿಸಬೇಡಿ. ಮೊದಲು ಒಂದು ಪ್ರಶ್ನೆ. ಹುಡುಗನ ಮನೆಯವರು ಯಾವ ಸೂತ್ರ? ಆಪಸ್ತಂಬರೋ, ಆಶ್ವಲಾಯನರೋ? ವಿವಾಹ ಹೋಮ ಸಾಮಾನ್ಯವಾಗಿ ಗಂಡಿನ ಕಡೆಯ ಸೂತ್ರದಲ್ಲಿ ನಡೆಯುತ್ತದೆ. ಹಾಗಾಗಿ ನಿಮ್ಮ ಮನೆ ಪುರೋಹಿತರನ್ನು ಮಾತ್ರ ಕೇಳಿದರೆ ಸಾಲದು. ಗಂಡಿನ ಕಡೆಯ ಪುರೋಹಿತರನ್ನು ಫೋನ್ ಮಾಡಿ ಕೇಳಿ.

ಯಾಕೆ ಅಂದರೆ ಕ್ರಮವೇ ಬೇರೆ. ಆಶ್ವಲಾಯನರಲ್ಲಿ ಕಲ್ಲು ತುಳಿಸುವುದು, ಅರಳು ಹೋಮ ಮಾಡಿಸುವುದು ಮೊದಲು, ಸಪ್ತಪದಿ ಆಮೇಲೆ. ಆಪಸ್ತಂಬರಲ್ಲಿ ಸಪ್ತಪದಿ ಮೊದಲೇ ಆಗಿಬಿಡುತ್ತದೆ, ಅರಳು ಹೋಮ ನಂತರ. ನಿಮ್ಮ ಅತಿಥಿಗಳು ಕಾಗದ ಹಿಡಿದುಕೊಂಡು "ಅರಳು ಎಲ್ಲಿ?" ಅಂತ ಹುಡುಕುತ್ತಿರುವಾಗ ಇಲ್ಲಿ ಹುಡುಗಿ ಹೆಜ್ಜೆ ಇಡುತ್ತಿರುತ್ತಾಳೆ.

ಸಪ್ತಪದಿಯ ಅರ್ಥವೂ ಪೂರ್ತಿ ಒಂದೇ ಅಲ್ಲ. ಒಂದನೆಯದು ಅನ್ನ, ಎರಡನೆಯದು ಬಲ, ನಾಲ್ಕನೆಯದು ಸುಖ, ಆರನೆಯದು ಋತುಗಳು. ಇವು ಎರಡೂ ಕಡೆ ಒಂದೇ. ಮೂರನೆಯದು ಆಶ್ವಲಾಯನರಲ್ಲಿ ಸಂಪತ್ತಿನ ವೃದ್ಧಿ, ಆಪಸ್ತಂಬರಲ್ಲಿ ವ್ರತ. ಐದನೆಯದು ಅವರಲ್ಲಿ ಮಕ್ಕಳು, ಇವರಲ್ಲಿ ಪಶುಗಳು. ಏಳನೆಯದಕ್ಕೆ ಆಶ್ವಲಾಯನರು ನೇರವಾಗಿ "ಸಖಳಾಗು" ಅನ್ನುತ್ತಾರೆ. ಆಪಸ್ತಂಬರು ಏಳು ಹೋತೃಗಳ ಹೆಸರು ಹೇಳಿ, ಆಮೇಲೆ ಅದೇ ಸಖ್ಯದ ಮಾತಿಗೆ ಬರುತ್ತಾರೆ. ನೆಟ್‌ನಲ್ಲಿ ಓಡಾಡುವ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಇವೆಲ್ಲ ಕಲಸಿರುತ್ತವೆ. ಕೆಲವರಂತೂ ಮಂತ್ರದಲ್ಲಿ ಇಲ್ಲದ ಪ್ರತಿಜ್ಞೆಗಳನ್ನೆಲ್ಲ ಸೇರಿಸಿಬಿಟ್ಟಿದ್ದಾರೆ.

ಕೊಪ್ಪದ ಹುಡುಗ
ಕೇಳಿದೆ ಶಾಸ್ತ್ರಿಗಳೇ. ಗಂಡಿನ ಕಡೆ ಆಪಸ್ತಂಬರಂತೆ. ನಾನು ಇಳಿಸಿಕೊಂಡ ಪಟ್ಟಿಯಲ್ಲಿ ಸಪ್ತಪದಿ ಕಡೆಯಲ್ಲಿತ್ತು. ಬಚಾವಾದೆ.

ಇನ್ನೊಂದು ಅನುಮಾನ. ಐದನೇ ಹೆಜ್ಜೆ ದನಕರುಗಳಿಗೆ ಅಂತ ಡಚ್ಚರ ಮುಂದೆ ಹೇಳಿದರೆ ನಗುವುದಿಲ್ಲವಾ?

ಐಂಡ್‌ಹೋವನ್ ಕನ್ನಡತಿ
ಡಚ್ಚರು ದನ ಅಂದರೆ ನಗುತ್ತಾರಾ? ಅವರ ದೇಶದ ಅರ್ಧ ಹೆಮ್ಮೆ ಅದೇ! ಧೈರ್ಯವಾಗಿ ಹೇಳಿ.

ನಾನು ಇಲ್ಲೇ ಇರುವವಳು, ನನ್ನ ಮದುವೆಗೂ ಇಲ್ಲಿಂದ ಸ್ನೇಹಿತರು ಬಂದಿದ್ದರು. ಅವರ ತಲೆಯಲ್ಲಿ ಏನು ಓಡುತ್ತೆ ಅಂತ ಹೇಳುತ್ತೇನೆ. ಮಂತ್ರದ ಅರ್ಥ ಅವರಿಗೆ ಆಮೇಲಿನ ಮಾತು. ಮೊದಲು ಅವರಿಗೆ ಭಯ. ಎದ್ದು ಹೋಗಬಹುದಾ? ಮಾತಾಡಬಹುದಾ? ಟಾಯ್ಲೆಟ್‌ಗೆ ಹೋದರೆ ತಪ್ಪಾ? ಇಲ್ಲಿ ಮದುವೆ ಅಂದರೆ ಅರ್ಧ ಮುಕ್ಕಾಲು ಗಂಟೆ, ಎಲ್ಲರೂ ಸುಮ್ನೆ ಕೂತು ಕೇಳುವುದು. ಅಲ್ಲಿ ನೋಡಿದರೆ ನಮ್ಮ ಅತ್ತೆಯರು ಸೀರೆ ಮಾತಾಡುತ್ತಿದ್ದಾರೆ, ಮಕ್ಕಳು ಓಡುತ್ತಿದ್ದಾರೆ, ಪುರೋಹಿತರು ನಡುವೆ ವಿಡಿಯೋದವನಿಗೆ ಜಾಗ ತೋರಿಸುತ್ತಿದ್ದಾರೆ. ಏನೋ ಎಡವಟ್ಟಾಗಿದೆ ಅಂತ ಅಂದುಕೊಳ್ಳುತ್ತಾರೆ. ನನ್ನ ಗೆಳತಿ ಒಬ್ಬಳು ಮೂರು ಗಂಟೆ ನೀರು ಕುಡಿಯದೆ ಕೂತಿದ್ದಳು ಪಾಪ.

ಹಾಗಾಗಿ ಹಿಂದಿನ ದಿನವೇ ಹೇಳಿ. ಓಡಾಡಬಹುದು, ಕಾಫಿ ಕುಡಿಯಬಹುದು, ಮಾತಾಡಬಹುದು. ಆದರೆ ಮುಖ್ಯವಾದ ಒಂದೆರಡು ಹೊತ್ತಿನಲ್ಲಿ ಮಾತ್ರ ಕುರ್ಚಿಯಲ್ಲಿ ಇರಿ ಅಂತ.

ಮತ್ತೆ ಅವರು ಖಂಡಿತ ಕೇಳುವ ಪ್ರಶ್ನೆ: "ಈಗ ಮದುವೆ ಆಯಿತಾ?" ನೆದರ್‌ಲ್ಯಾಂಡ್ಸ್‌ನಲ್ಲಿ ಸರ್ಕಾರಿ ಮದುವೆ ಮೊದಲು ಆಗಬೇಕು, ಆಮೇಲೆ ಬೇಕಾದರೆ ಚರ್ಚು. ಅದು ಕಾನೂನು. ಅದಕ್ಕೇ ಅವರಿಗೆ ಒಂದು ಖಚಿತ ಕ್ಷಣ ಬೇಕು, ಚಪ್ಪಾಳೆ ತಟ್ಟುವುದಕ್ಕೆ.

ಸೌಂಡ್ ಸರ್ವಿಸ್ ಶಿವು
ತಾಳಿ ಕಟ್ಟಿದ ಕೂಡಲೇ ಮದುವೆ ಆಯಿತು. ಇದರಲ್ಲಿ ಏನಿದೆ ಕೇಳೋದಕ್ಕೆ.

ಲೇಔಟ್ ಮಾವ
ಇಲ್ಲಿ ನಾನು ಬಾಯಿ ಹಾಕಬಹುದು. ಜನರ ಲೆಕ್ಕದಲ್ಲಿ ಶಿವು ಹೇಳಿದ್ದು ಸರಿ. ಆದರೆ 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಏನು ಹೇಳುತ್ತೆ ಅಂದರೆ, ಸಪ್ತಪದಿ ಇರುವ ಪದ್ಧತಿಯಲ್ಲಿ ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ತಿ. ಸಪ್ತಪದಿ ಇಲ್ಲದ ಪದ್ಧತಿಯವರಿಗೆ ಅವರವರ ಶಾಸ್ತ್ರ. ನಿಮ್ಮ ಮದುವೆಯಲ್ಲಿ ಸಪ್ತಪದಿ ಇದೆ, ಆದ್ದರಿಂದ ಅದೇ.

ಮೈಸೂರು ಶಾಸ್ತ್ರಿ
ಗೃಹ್ಯಸೂತ್ರಗಳಲ್ಲಿ ತಾಳಿಯ ಮಾತೇ ಇಲ್ಲ. ಅದು ರೂಢಿಯಿಂದ ಬಂದದ್ದು. ಹಾಗಂತ ಮಾಂಗಲ್ಯಧಾರಣೆ ಹೊತ್ತಿನಲ್ಲಿ ಚಪ್ಪಾಳೆ ಬೇಡ ಅಂತ ಯಾರು ಹೇಳಲಿಕ್ಕಾಗುತ್ತದೆ!

ಹಂಪಿ ಗೈಡ್
ನಾನು ಎರಡನ್ನೂ ಹೇಳಿಬಿಡುತ್ತೇನೆ. "ತಾಳಿ ಕಟ್ಟಿದಾಗ ಊರು ಸಂಭ್ರಮ ಪಡುತ್ತೆ, ಏಳನೇ ಹೆಜ್ಜೆಗೆ ಕಾನೂನು ಒಪ್ಪುತ್ತೆ." ಯುರೋಪಿನವರು ಇದನ್ನು ಚೆನ್ನಾಗಿ ಹಿಡಿಯುತ್ತಾರೆ. ಇದರಿಂದ ಇನ್ನೊಂದು ಲಾಭ ಇದೆ. ತಾಳಿ ಆದ ಮೇಲೆ ನಮ್ಮವರೆಲ್ಲ ಊಟದ ಹಾಲ್ ಕಡೆ ನಡೆದುಬಿಡುತ್ತಾರೆ. ಮುಂದಿನ ಸಾಲು ಖಾಲಿ. ಆಗ ನಿಮ್ಮ ಅತಿಥಿಗಳನ್ನು ಮಂಟಪದ ಹತ್ತಿರ ಕರೆದುಕೊಂಡು ಹೋಗಿ. ಹೆಜ್ಜೆ ಹತ್ತಿರದಿಂದ ಕಾಣುತ್ತೆ, ಗಲಾಟೆಯೂ ಕಮ್ಮಿ.

ಸಪ್ತಪದಿಯಲ್ಲಿ ನಾನು ಮಾಡುವುದು ಹೀಗೆ. ಒಂದು ಹೆಜ್ಜೆಗೆ ಹತ್ತು ಹದಿನೈದು ಸೆಕೆಂಡ್ ಸಿಗುತ್ತೆ. ವಾಕ್ಯ ಕಟ್ಟಲು ಹೋದರೆ ಮೂರನೇ ಹೆಜ್ಜೆಗೆ ಹಿಂದೆ ಬೀಳುತ್ತೀರಿ. ಮುಂಚೆಯೇ ಒಂದು ಮಾತು ಹೇಳಿ: "ಪ್ರತಿ ಹೆಜ್ಜೆಗೂ ವಿಷ್ಣು ಜೊತೆಯಲ್ಲಿ ಬರಲಿ ಅಂತ ಪುರೋಹಿತರು ಹೇಳುತ್ತಾರೆ. ನಾನು ಹೆಜ್ಜೆ ಯಾವುದಕ್ಕೆ ಅನ್ನುವುದನ್ನು ಮಾತ್ರ ಹೇಳುತ್ತೇನೆ." ಆಮೇಲೆ ಕಾಲು ಎತ್ತಿದಾಗ ಒಂದೇ ಮಾತು. ಫುಡ್. ಸ್ಟ್ರೆಂತ್. ಹೀಗೆ. ಏಳನೆಯದಕ್ಕೆ ಮಾತ್ರ ಪೂರ್ತಿ ವಾಕ್ಯ ಇಟ್ಟುಕೊಳ್ಳಿ, ಅಲ್ಲಿ ಮಂತ್ರವೂ ಉದ್ದ ಇದೆ.

ಓಲಗದವರ ಮನೆ
ನಮ್ಮದು ನಾದಸ್ವರದ ಮನೆತನ. ಒಂದು ವಿಷಯ ಯಾರೂ ಹೇಳಲಿಲ್ಲ. ಗಟ್ಟಿಮೇಳ ಶುರುವಾದರೆ ನಿಮ್ಮ ಮೈಕ್‌ನಲ್ಲಿ ಡೋಲು ಬಿಟ್ಟು ಬೇರೇನೂ ಹೋಗುವುದಿಲ್ಲ. ಅತಿಥಿಗಳ ಕಿವಿ ಕಿತ್ತುಹೋಗುತ್ತೆ, ರಿಸೀವರ್ ಎಸೆಯುತ್ತಾರೆ. ಗಟ್ಟಿಮೇಳ ಇರುವುದೇ ಆ ಹೊತ್ತಿನಲ್ಲಿ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳದಿರಲಿ ಅಂತ. ಅದರಲ್ಲಿ ನಿಮ್ಮ ಮಾತೂ ಸೇರಿತು ಅಂದುಕೊಳ್ಳಿ. ಮೈಕ್ ಮ್ಯೂಟ್ ಮಾಡಿ.

ಯಾವಾಗ ಅಂತ ತಿಳಿಯುವುದು ಹೇಗೆ? ನಮ್ಮ ಕಡೆ ನೋಡಬೇಡಿ, ಪುರೋಹಿತರ ಕೈ ನೋಡಿ. ಅವರು ಬೆರಳು ಎತ್ತಿ ಆಡಿಸುತ್ತಾರೆ, ಪಕ್ಕದಲ್ಲಿರುವ ಯಾರಾದರೂ "ಗಟ್ಟಿಮೇಳ, ಗಟ್ಟಿಮೇಳ" ಅಂತ ಕೂಗುತ್ತಾರೆ. ನಾವು ನೋಡುವುದೂ ಅದನ್ನೇ. ಮತ್ತೆ ಅತಿಥಿಗಳ ಕುರ್ಚಿ ನಮ್ಮ ಎದುರಿಗೆ ಹಾಕಬೇಡಿ. ಚಿಕ್ಕ ಮಕ್ಕಳು ಬರುತ್ತಾರೆ ಅಂತೀರಿ, ಆ ಸದ್ದಿಗೆ ಬೆಚ್ಚುತ್ತಾರೆ. ಮಂಟಪದ ಇನ್ನೊಂದು ಬದಿ ಇಡಿ.

ಧಾರವಾಡ ಪೇಡಾ
ಅಕ್ಷತೆ ಬಗ್ಗೆ ಕೇಳಿಕೊಳ್ಳಿ. ನಮ್ಮ ಕಡೆ ಮಂಗಳಾಷ್ಟಕದ ಒಂದೊಂದು ಪದ್ಯ ಮುಗಿದು "ಸಾವಧಾನ" ಅಂದಾಗಲೂ ಅಕ್ಕಿಕಾಳು ಹಾಕುತ್ತೇವೆ. ನಿಮ್ಮ ಕಡೆ ಕಡೆಗೆ ಒಂದೇ ಸಲ ಅಲ್ವಾ? ನಮ್ಮ ಮದುವೆಯಲ್ಲಿ ಬೆಂಗಳೂರಿನವರು ಒಂದೇ ಸಲಕ್ಕೆ ಎಲ್ಲ ಎಸೆದು, ಆಮೇಲೆ ಖಾಲಿ ಕೈ ಮಾಡಿಕೊಂಡು ನಿಂತಿದ್ದರು. ಬೆಂಗಳೂರಿನವರಿಗೇ ಹೀಗಾದರೆ ಡಚ್ಚರ ಗತಿ ಏನು.

ಎಸೆಯುವುದನ್ನೂ ತೋರಿಸಿಕೊಡಿ. ಹಿಂದಿನಿಂದ ಜೋರಾಗಿ ಬೀಸಿದರೆ ಮುಂದಿನ ಸಾಲಿನ ಅಜ್ಜನ ಕನ್ನಡಕಕ್ಕೆ ಬೀಳುತ್ತೆ.

ಕೊಪ್ಪದ ಹುಡುಗ
ನಮ್ಮಲ್ಲಿ ಒಂದೇ ಸಲ. ಹಾಗಾದರೆ ಮಂಗಳಾಷ್ಟಕ ನಡೆಯುವಾಗ ನಾನು ಮಾತಾಡಬಹುದಾ? ಅದು ಸಾಕಷ್ಟು ಉದ್ದ ಇರುತ್ತೆ.

ಮೈಸೂರು ಶಾಸ್ತ್ರಿ
ಮೊದಲ ಪದ್ಯಗಳಲ್ಲಿ ಮಾತಾಡಿ, ಪರವಾಗಿಲ್ಲ. ಅಷ್ಟಕ ಅಂದಮೇಲೆ ಎಂಟು ಪದ್ಯ. ಪ್ರತಿಯೊಂದೂ "ಮಂಗಳಂ" ಅಂತ ಮುಗಿಯುತ್ತದೆ, ಹಾಗಾಗಿ ಅರ್ಥ ಗೊತ್ತಿಲ್ಲದವರೂ ಎಣಿಸಬಹುದು. ಆದರೆ ಮುಹೂರ್ತಕ್ಕೆ ಇನ್ನೂ ಹೊತ್ತಿದ್ದರೆ ನಾವು ಇನ್ನಷ್ಟು ಶ್ಲೋಕ ಸೇರಿಸುತ್ತೇವೆ, ಹೊತ್ತಾಗಿದ್ದರೆ ಬೇಗ ಮುಗಿಸುತ್ತೇವೆ. ಎಣಿಕೆಯನ್ನೇ ನಂಬಿ ಕೂರಬೇಡಿ. ಅಂತರಪಟ ಹಿಡಿದವರ ಕೈ ನೋಡಿ. ಬಟ್ಟೆ ಸ್ವಲ್ಪ ಸಡಿಲವಾದರೆ ಇಳಿಸಲು ಸಿದ್ಧರಾದರು ಅಂತ.

ನಿಮಗೆ ನಿಜವಾಗಿ ಸಮಯ ಸಿಗುವುದು ಬೇರೆ ಕಡೆ. ಒಂದು, ಸಂಕಲ್ಪ. ಆಗ ನೋಡಲು ಏನೂ ಇರುವುದಿಲ್ಲ, ಬರೀ ಮಾತು. ನಾವು ಆಗ ಹೇಳುವುದು ಎಲ್ಲಿದ್ದೇವೆ, ಯಾವ ಕಾಲದಲ್ಲಿದ್ದೇವೆ ಅನ್ನುವುದನ್ನು. ಜಂಬೂದ್ವೀಪ, ಭರತವರ್ಷ, ಗೋದಾವರಿಯ ದಕ್ಷಿಣ ತೀರ, ಆಮೇಲೆ ಸಂವತ್ಸರ, ಋತು, ಮಾಸ, ತಿಥಿ. ವಿಶ್ವದಿಂದ ಶುರುಮಾಡಿ ನಿಮ್ಮ ರೆಸಾರ್ಟ್‌ವರೆಗೆ ವಿಳಾಸ ಹೇಳುತ್ತಿದ್ದಾರೆ ಅಂದರೆ ಅವರಿಗೆ ತಿಳಿಯುತ್ತದೆ. ಎರಡು, ಕನ್ಯಾದಾನದಲ್ಲಿ ವಂಶ ಹೇಳುವುದು. ಮುತ್ತಜ್ಜ, ಅಜ್ಜ, ಅಪ್ಪ, ಆಮೇಲೆ ವರನ ಹೆಸರು. ಹುಡುಗಿ ಕಡೆಯೂ ಹಾಗೇ. ಇದನ್ನು ಮೂರು ಸಲ ಹೇಳುತ್ತೇವೆ. ಮೊದಲನೇ ಸಲ ವಿಷಯ ತಿಳಿಸಿ, ಎರಡನೇ ಸಲ "ಹೆಸರು ಕೇಳಿಸುತ್ತಾ ನೋಡಿ" ಅನ್ನಿ, ಮೂರನೇ ಸಲ ಸುಮ್ಮನಿರಿ. ತಮ್ಮ ಸಹೋದ್ಯೋಗಿಯ ಹೆಸರು ಸಂಸ್ಕೃತದ ನಡುವೆ ಕೇಳಿದರೆ ಅವರ ಮುಖ ಅರಳುತ್ತದೆ, ನೋಡಿದ್ದೇನೆ.

ಮಡಿಕೇರಿ ಮಂಜು
ನಮ್ಮ ಕೊಡವ ಮದುವೆಗೆ ಈ ತಲೆನೋವೇ ಇಲ್ಲ. ಪುರೋಹಿತರಿಲ್ಲ, ಹೋಮ ಇಲ್ಲ. ಹಿರಿಯರು, ನೆಂಟರು ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ ಹರಸುವುದು. ಹೊರಗಿನವರೂ ಸಾಲಿನಲ್ಲಿ ನಿಂತರೆ ಆಯಿತು. ಬಾಳೆ ಕಡಿಯುವುದು, ಗಂಗಾಪೂಜೆಯಲ್ಲಿ ಕುಣಿದು ದಾರಿ ತಡೆಯುವುದು, ಇದಕ್ಕೆಲ್ಲ ಅನುವಾದವೇ ಬೇಡ. ಹೋದ ವರ್ಷ ನಮ್ಮ ಮನೆ ಮದುವೆಯಲ್ಲಿ ಒಬ್ಬ ಇಂಗ್ಲಿಷ್ ಮುದುಕ ವಾಲಗಕ್ಕೆ ಎರಡು ಗಂಟೆ ಕುಣಿದ, ನಿಲ್ಲಿಸಲೇ ಇಲ್ಲ.

ಒಂದೇ ಒಂದು ಕಷ್ಟ. ಹುಡುಗಿಯ ಹಕ್ಕನ್ನು ಒಪ್ಪಿಸುವಾಗ ಹನ್ನೆರಡು ಕಲ್ಲಿನಲ್ಲಿ ಹನ್ನೊಂದನ್ನು ಮಾತ್ರ ಕೊಡುತ್ತೇವೆ. ಒಂದು ತವರಿನಲ್ಲೇ ಉಳಿಯುತ್ತೆ. ಅದನ್ನು ಮುಂಚೆಯೇ ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ.

ಕೊಪ್ಪದ ಹುಡುಗ
ಮಂಜು ಅಣ್ಣ, ಹೊಟ್ಟೆ ಉರಿಸಬೇಡಿ.

ಇಲ್ಲಿವರೆಗೆ ಕೇಳಿದ್ದರಿಂದ ಹೀಗೆ ಅಂದುಕೊಂಡಿದ್ದೇನೆ. ಹಿಂದಿನ ದಿನ ಸಂಜೆ ಮೆಹಂದಿ ಹೊತ್ತಿನಲ್ಲಿ ಇಪ್ಪತ್ತು ನಿಮಿಷ ತೆಗೆದುಕೊಂಡು ಎದ್ದು ಓಡಾಡುವ ವಿಷಯ, ಚಪ್ಪಲಿ, ಅಕ್ಷತೆ, ತಾಳಿ ಮತ್ತು ಏಳನೇ ಹೆಜ್ಜೆ, ಇಷ್ಟನ್ನು ಹೇಳುವುದು. ಮದುವೆ ದಿನ ಕಾಶಿಯಾತ್ರೆಗೆ ಮುಂಚೆ ಅರ್ಧ ನಿಮಿಷ ಮಾತ್ರ: ಮದುಮಗ ಸನ್ಯಾಸಕ್ಕೆ ಹೊರಟಂತೆ ನಟಿಸುತ್ತಾನೆ, ಹುಡುಗಿ ಕಡೆಯವರು ತಡೆಯುತ್ತಾರೆ. ಛತ್ರಿ, ಕೋಲು ನೋಡಿ ಅವರೇ ನಗುತ್ತಾರೆ. ಸಂಕಲ್ಪ, ವಂಶ ಹೇಳುವಾಗ ಜಾಸ್ತಿ ಮಾತು. ಅಂತರಪಟ ಹಿಡಿದ ಮೇಲೆ ಜೀರಿಗೆ ಬೆಲ್ಲದ ಬಗ್ಗೆ ಎರಡು ಮಾತು ಹೇಳಿ ಮ್ಯೂಟ್. ತಾಳಿ ಆಗಿ ಓಲಗ ನಿಂತ ಮೇಲೆ ಮತ್ತೆ ಆನ್.

ಒಂದು ಕಡೆ ಮಾತ್ರ ಸಿಕ್ಕಿಹಾಕಿಕೊಂಡಿದ್ದೇನೆ. ಕನ್ಯಾದಾನ. ವಂಶದ ಹೆಸರು ಹೇಳುವುದು ಚೆಂದ. ಆದರೆ "ಮಗಳನ್ನು ದಾನ ಕೊಡುತ್ತಾರಾ?" ಅಂತ ಕೇಳಿದರೆ ಏನು ಹೇಳಲಿ?

ಮೈಸೂರು ಶಾಸ್ತ್ರಿ
ಇದ್ದದ್ದನ್ನು ಇದ್ದ ಹಾಗೆ ಹೇಳಿ. ಧರ್ಮ, ಅರ್ಥ, ಕಾಮ ಯಾವುದರಲ್ಲೂ ಇವಳನ್ನು ಮೀರಿ ನಡೆಯುವುದಿಲ್ಲ ಅಂತ ವರನಿಂದ ಮಾತು ಪಡೆಯುತ್ತೇವೆ, "ನಾತಿಚರಾಮಿ" ಅಂತ ಅವನು ಒಪ್ಪುತ್ತಾನೆ. ಅದನ್ನು ಮುಂದೆ ಇಟ್ಟು ಹೇಳಿದರೆ ಮುಗಿಯಿತು.

ಐಂಡ್‌ಹೋವನ್ ಕನ್ನಡತಿ
ಮುಗಿಯುವುದಿಲ್ಲ ಶಾಸ್ತ್ರಿಗಳೇ. ನಾತಿಚರಾಮಿ ಒಳ್ಳೆಯದೇ, ಆದರೆ ಅದನ್ನು ಮುಂದೆ ಮಾಡಿ ದಾನದ ಮಾತನ್ನು ಮುಚ್ಚುವುದು ಸರಿಯಲ್ಲ. ಬಂದವರಲ್ಲಿ ಒಬ್ಬಳಾದರೂ ಓದಿಕೊಂಡು ಬಂದಿರುತ್ತಾಳೆ, ನೇರವಾಗಿ ಕೇಳುತ್ತಾಳೆ. ನಾನಂತೂ ನಮ್ಮಪ್ಪನಿಗೆ ಹೇಳಿ ಆ ಭಾಗವನ್ನೇ ಬಿಡಿಸಿದ್ದೆ.

ಮೈಸೂರು ಶಾಸ್ತ್ರಿ
ಅದು ನಿಮ್ಮ ಮನೆಯ ತೀರ್ಮಾನ. ನಾನು ಬಿಡಿಸುವುದಿಲ್ಲ.

ಹಂಪಿ ಗೈಡ್
ಇಲ್ಲಿ ಜಗಳ ಬೇಡ. ತಮ್ಮಾ, ಇದಕ್ಕೆ ಉತ್ತರ ನೀವೂ ಕಟ್ಟಬೇಡಿ, ನಾವೂ ಕಟ್ಟುವುದು ಬೇಡ. ತಂಗಿಯನ್ನೇ ಕೇಳಿ, ಅವಳ ಬಗ್ಗೆ ಏನು ಹೇಳಬೇಕು ಅಂತ. ನಾನು ಯಾವ ಮದುವೆಗೆ ಹೋದರೂ ಮದುಮಗಳ ಹತ್ತಿರ ಒಂದು ಸಲ ಇದನ್ನು ಕೇಳಿಯೇ ಮೈಕ್ ಹಿಡಿಯುವುದು. ಕೆಲವರು ಬಿಡಿಸಿ ಹೇಳಿ ಅಂತಾರೆ, ಕೆಲವರು ನೀರು ಬಿಡುವುದನ್ನು ಮಾತ್ರ ಹೇಳಿ ಅಂತಾರೆ.

ಕೊಪ್ಪದ ಹುಡುಗ
ಈಗಷ್ಟೇ ಫೋನ್ ಮಾಡಿದೆ. ಮೆಹಂದಿ ದಿನ ಅದನ್ನು ತಾನೇ ಹೇಳುತ್ತಾಳಂತೆ. ಏನು ಹೇಳುತ್ತೀಯಾ ಅಂದರೆ, "ನೀನು ದನಕರುಗಳನ್ನು ನೋಡಿಕೋ" ಅಂತ ಫೋನ್ ಇಟ್ಟಳು.

ಗೈಡ್ ಸಾರ್, ಆ ರಿಸೀವರ್ ಸೆಟ್ ಚಿಕ್ಕಮಗಳೂರಲ್ಲಿ ಸಿಗುತ್ತಾ, ಬೆಂಗಳೂರಿಂದ ತರಿಸಬೇಕಾ?

ಸೌಂಡ್ ಸರ್ವಿಸ್ ಶಿವು
ಬೆಂಗಳೂರಿಂದ ತರಿಸಿ. ಹಿಂದಿನ ರಾತ್ರಿಯೇ ಎಲ್ಲ ಚಾರ್ಜ್‌ಗೆ ಹಾಕಿ, ಎರಡು ಮೂರು ರಿಸೀವರ್ ಜಾಸ್ತಿ ಇಟ್ಟುಕೊಳ್ಳಿ. ಮಂಟಪದ ಕಾರ್ಡ್‌ಲೆಸ್ ಮೈಕ್ ಆನ್ ಮಾಡಿಯೇ ಟೆಸ್ಟ್ ಮಾಡಿ. ಇಲ್ಲದಿದ್ದರೆ ಎರಡೂ ಒಂದೇ ಚಾನೆಲ್‌ಗೆ ಬಂದು ನಿಮ್ಮ ಇಂಗ್ಲಿಷ್ ಪುರೋಹಿತರ ಸ್ಪೀಕರ್‌ನಲ್ಲಿ ಬಂದೀತು.